ಹೊಸಂಗಡಿ ಎಂಬ ಅರವತ್ತಮೂರು ಅಕ್ಷರಗಳು

ಮಂಜೇಶ್ವರದ ಪಕ್ಕದ ಹೊಸಂಗಡಿಯ ಹೆಸರನ್ನು ಫಲಕದ ಮೇಲೆ ನಾಲ್ಕು ಅಕ್ಷರಗಳಲ್ಲಿ ಬರೆದು ಮುಗಿಸಬಹುದು. ಅದೇ ಹೆಸರು ಜಾಲತಾಣದ ವಿಳಾಸದೊಳಗೆ ಸೇರಿದಾಗ ಅರವತ್ತಮೂರು ಅಕ್ಷರಗಳಷ್ಟು ಉದ್ದವಾಗುತ್ತದೆ. ಯೂನಿಕೋಡ್ ಈ ಹೆಸರನ್ನು ಏಳು ಸಂಕೇತಗಳಾಗಿ ಎಣಿಸುತ್ತದೆ. ಒಂದೊಂದು ಸಂಕೇತಕ್ಕೂ ಮೂರು ಬೈಟು, ಒಂದೊಂದು ಬೈಟಿಗೂ `%E0` ಎಂಬಂಥ ಮೂರು ಗುರುತು. ಗಡಿನಾಡಿನ ಕನ್ನಡ ಬರಹಗಳನ್ನು ಜಾಲತಾಣಗಳಿಂದ ಸಂಗ್ರಹಿಸಿ ಪದಕೋಶಕ್ಕೋ ಉಪಭಾಷಾ ಅಧ್ಯಯನಕ್ಕೋ ಬಳಸಲು ಹೊರಡುವ ವಿದ್ಯಾರ್ಥಿಯು ಈ ಲೆಕ್ಕವನ್ನು ಅರಿಯದಿದ್ದರೆ, ತನಗೆ ಯಾವ ಪುಟಕ್ಕೆ ಅನುಮತಿಯಿದೆ, ಯಾವುದಕ್ಕಿಲ್ಲ ಎಂಬುದನ್ನೇ ತಪ್ಪಾಗಿ ಓದುವ ಸಂಭವವಿದೆ.

ಪುಟಗಳನ್ನು ತಾನಾಗಿ ತರುವ ಕ್ರಾಲರ್ ಎಂಬ ತಂತ್ರಾಂಶವು ಮೊದಲು ಓದಬೇಕಾದುದು ತಾಣದ ಬೇರಿನಲ್ಲಿರುವ `robots.txt` ಕಡತವನ್ನು. 1994ರಲ್ಲಿ ಮಾರ್ಟಿನ್ ಕೋಸ್ಟರ್ ಸೂಚಿಸಿದ ಈ ಪದ್ಧತಿ ಇಪ್ಪತ್ತೆಂಟು ವರ್ಷ ಬರಿಯ ಒಡಂಬಡಿಕೆಯಾಗಿ ನಡೆದು, 2022ರಲ್ಲಿ RFC 9309 ಎಂಬ ಲಿಖಿತ ನಿಯಮವಾಯಿತು. ಊರುಗಳ ಪರಿಚಯವನ್ನು ಪ್ರಕಟಿಸುವ ಒಂದು ಚಿಕ್ಕ ಕನ್ನಡ ತಾಣವನ್ನು ಕಲ್ಪಿಸಿಕೊಂಡರೆ, ಅದರ ಕಡತ ಹೀಗಿರಬಹುದು:

```
User-agent: *
Disallow: /ಊರು/
Allow: /ಊರು/ಹೊಸಂಗಡಿ
Sitemap: https://example.org/sitemap.xml
```

ಮೇಲುನೋಟಕ್ಕೆ ಎರಡನೆಯ ಸಾಲು ಎಲ್ಲ ಊರುಗಳ ಬಾಗಿಲನ್ನೂ ಮುಚ್ಚುವಂತಿದೆ. ಆದರೆ ಸಾಲುಗಳ ಕ್ರಮಕ್ಕೆ ಇಲ್ಲಿ ಬೆಲೆಯಿಲ್ಲ; ವಿಳಾಸದೊಡನೆ ಹೆಚ್ಚು ಉದ್ದಕ್ಕೆ ಹೊಂದುವ ಸಾಲು ಗೆಲ್ಲುತ್ತದೆ. ಆದುದರಿಂದ ಹೊಸಂಗಡಿಯ ಪುಟವನ್ನು ತರಬಹುದು, ಮಂಜೇಶ್ವರದ ಪುಟವನ್ನು ತರಕೂಡದು. ಹೋಲಿಕೆಯು ವಿಳಾಸದ ಆರಂಭದಿಂದ ನಡೆಯುವ ಕಾರಣ `/ಊರು/ಹೊಸಂಗಡಿ-ಸಂತೆ` ಎಂಬ ಪುಟವಿದ್ದರೆ ಅದೂ ತೆರೆದೇ ಇರುತ್ತದೆ. ತಾಣದವರಿಗೆ ಅದು ಬೇಡವಾಗಿದ್ದಲ್ಲಿ ಸಾಲಿನ ಕೊನೆಗೆ `$` ಗುರುತು ಹಾಕಬೇಕಿತ್ತು. ಪೈಥಾನ್ ಭಾಷೆಯೊಡನೆ ಬರುವ `urllib.robotparser` ಬಹುಕಾಲ ಮೊದಲು ಹೊಂದಿದ ಸಾಲನ್ನೇ ತೀರ್ಪಾಗಿ ಹಿಡಿಯುತ್ತಿತ್ತು. ಅದನ್ನು ನಂಬಿದವನಿಗೆ ಈ ಕಡತ ಹೊಸಂಗಡಿಯನ್ನೂ ನಿಷೇಧಿಸಿದಂತೆ ಕಾಣುತ್ತದೆ. ಕಡತವನ್ನು ಕಣ್ಣಿನಿಂದ ಒಮ್ಮೆ ಓದಬೇಕೆನ್ನುವುದು ಇದಕ್ಕಾಗಿ.

ಕಡೆಯ ಸಾಲು ತೋರುವ ಸೈಟ್‌ಮ್ಯಾಪ್ ತಾಣದವರು ತಾವೇ ಕೊಡುವ ವಿಳಾಸಪಟ್ಟಿ. ಒಂದು ಪಟ್ಟಿಯಲ್ಲಿ ಹೆಚ್ಚೆಂದರೆ 50,000 ವಿಳಾಸಗಳು. ಪ್ರತಿಯೊಂದರ ಬಳಿ `lastmod` ಎಂಬ ತಿದ್ದುಪಡಿಯ ದಿನಾಂಕ ಇರಬಹುದು. ಪಟ್ಟಿಯಲ್ಲಿ ಹೆಸರಿರುವುದನ್ನೇ ಆಹ್ವಾನವೆಂದು ಬಗೆಯುವವರುಂಟು. ಅದು ಸರಿಯಲ್ಲ. ಪಟ್ಟಿಯನ್ನು ಸಾಮಾನ್ಯವಾಗಿ ತಾಣದ ತಂತ್ರಾಂಶವೇ ಹೊಲಿದುಕೊಡುತ್ತದೆ, ನಿಷೇಧದ ಸಾಲನ್ನು ಮನುಷ್ಯನು ಬರೆದಿರುತ್ತಾನೆ. ಎರಡೂ ವಿರುದ್ಧವಾಗಿ ನುಡಿದಾಗ ಮನುಷ್ಯನ ಮಾತಿಗೆ ಮಣಿಯುವುದು ನ್ಯಾಯ.

ಕನ್ನಡಕ್ಕೆ ವಿಶೇಷವಾದ ತೊಡಕು ಇನ್ನು ಮುಂದಿದೆ. ನಿಷೇಧದ ಸಾಲಿನಲ್ಲಿ ಕನ್ನಡ ಲಿಪಿಯೇ ಇದ್ದರೂ, ಸೈಟ್‌ಮ್ಯಾಪಿನಲ್ಲಿ `%` ಗುರುತುಗಳಿದ್ದರೂ ಚಿಂತೆಯಿಲ್ಲ. ಹೋಲಿಸುವ ಮುನ್ನ ಎರಡನ್ನೂ ಒಂದೇ ರೂಪಕ್ಕೆ ತರಬೇಕೆಂದು ನಿಯಮವಿದೆ. ಆದರೆ ‘ಹೊ’ ಅಕ್ಷರದ ಒತ್ವವನ್ನು ಯೂನಿಕೋಡಿನಲ್ಲಿ ಎರಡು ಬಗೆಯಲ್ಲಿ ಬರೆಯಲು ಸಾಧ್ಯ: ಒಂದೇ ಸಂಕೇತವಾಗಿ, ಇಲ್ಲವೆ ಎತ್ವ ಹಾಗೂ ಊತ್ವದ ಚಿಹ್ನೆಗಳನ್ನು ಒಂದರ ಹಿಂದೊಂದು ಇಟ್ಟು. ತೆರೆಯ ಮೇಲೆ ಎರಡೂ ಒಂದೇ. ಹಳೆಯ ಮ್ಯಾಕ್ ಗಣಕಗಳು ಕಡತದ ಹೆಸರನ್ನು ಬಿಡಿಸಿದ ರೂಪದಲ್ಲಿಯೇ ಇಡುತ್ತಿದ್ದವು. ಅಂಥ ಹೆಸರುಗಳಿಂದ ಸಿದ್ಧವಾದ ಸೈಟ್‌ಮ್ಯಾಪಿನಲ್ಲಿ ಹೊಸಂಗಡಿ ಎಪ್ಪತ್ತೆರಡು ಅಕ್ಷರಗಳಾಗುತ್ತದೆ. ಕ್ರಾಲರ್ ಹೋಲಿಸುವುದು ಬೈಟುಗಳನ್ನು, ಉಚ್ಚಾರವನ್ನಲ್ಲ. ಆಗ `Allow` ಸಾಲು ಹೊಂದದೆ, ತೆರೆದಿಟ್ಟ ಪುಟವೇ `/ಊರು/` ಎಂಬ ನಿಷೇಧದೊಳಗೆ ಬೀಳುತ್ತದೆ. ಇದಕ್ಕಿಂತ ಕೆಡುಕಾದುದು ಇದರ ವಿಪರೀತ: ತಾಣದವರು ಮುಚ್ಚಬಯಸಿದ ಪುಟದ ಹೆಸರಿನಲ್ಲಿ ಒತ್ವವಿದ್ದು, ಎರಡು ಕಡೆ ಎರಡು ರೂಪವಾದರೆ, ನಿಷೇಧ ತಾಗದೆ ಪುಟ ಸದ್ದಿಲ್ಲದೆ ತೆರೆದುಕೊಳ್ಳುತ್ತದೆ.

ಪತ್ತೆಹಚ್ಚುವುದು ಕಷ್ಟವಲ್ಲ. ವಿಳಾಸದಲ್ಲಿ `%E0%B3%8A` ಇದ್ದರೆ ಕೂಡಿದ ರೂಪ, `%E0%B3%86%E0%B3%82` ಇದ್ದರೆ ಬಿಡಿಸಿದ ರೂಪ. ಎರಡೂ ರೂಪಗಳನ್ನು ಕಡತದೊಡನೆ ಹೋಲಿಸಿ, ಒಂದಕ್ಕಾದರೂ ನಿಷೇಧ ತಾಗಿದರೆ ಪುಟವನ್ನು ಬಿಡುವುದೇ ಸಂಗ್ರಾಹಕನಿಗೆ ತಕ್ಕುದು. ಆ ಪುಟ ಬೇಕೇ ಬೇಕೆಂದಿದ್ದರೆ ತಾಣದವರಿಗೆ ಒಂದು ಪತ್ರ ಬರೆಯಬಹುದು. ಅವರಿಗೂ ತಮ್ಮ ಕಡತದ ದೋಷ ತಿಳಿದಂತಾಗುತ್ತದೆ. ಹೀಗೆ ಮಾಡಿದರೆ ಕೆಲವು ಪುಟಗಳು ಕೈತಪ್ಪುವುದು ನಿಜ. ಆದರೆ ಗಡಿನಾಡಿನ ಬರಹಗಳನ್ನು ಸ್ವಂತ ಖರ್ಚಿನಲ್ಲಿ ಕಾಯ್ದಿರುವ ಸಣ್ಣ ತಾಣವೊಂದು, ತನ್ನ ಮಾತು ಮೀರಿ ಬಂದ ಕ್ರಾಲರಿನಿಂದ ಬೇಸತ್ತು `Disallow: /` ಎಂಬ ಒಂದೇ ಸಾಲು ಬರೆದರೆ, ಮುಂದಿನ ವರ್ಷದ ವಿದ್ಯಾರ್ಥಿಗೆ ಅಲ್ಲಿ ಒಂದು ಪುಟವೂ ಉಳಿಯುವುದಿಲ್ಲ.

ಕಡತ ಕೊಡುವ ಅನುಮತಿ ಪುಟವನ್ನು ತರುವುದಕ್ಕಷ್ಟೇ. ಲೇಖನವನ್ನು ಮರುಮುದ್ರಿಸಲು ಲೇಖಕರನ್ನು ಬೇರೆಯಾಗಿಯೇ ಕೇಳಬೇಕು. ಕಡತ ಇಲ್ಲವೇ ಇಲ್ಲವೆಂದು 404 ಉತ್ತರ ಬಂದರೆ ನಿಯಮದ ಪ್ರಕಾರ ತಡೆಯಿಲ್ಲ. 503 ಬಂದರೆ ತಾಣ ಬಳಲಿದೆಯೆಂದು ತಿಳಿದು, ಎಲ್ಲವೂ ಮುಚ್ಚಿದೆಯೆಂದೇ ಎಣಿಸಿ ಹಿಂದಿರುಗಿ, ಇನ್ನೊಂದು ದಿನ ಮತ್ತೆ ಕಡತವನ್ನೇ ಮೊದಲು ಕೇಳತಕ್ಕದ್ದು.