ಸ್ವಂತ ಮಷಿನ್ ಇರುವ ವಾಚೇ ಮೇಲೆ? ರಿಪೇರಿಯ ಲೆಕ್ಕ ಬೇರೆಯೇ ಇದೆ

ಸ್ವಿಸ್ ಕೈಗಡಿಯಾರಗಳ ಜಾಹೀರಾತಿನಲ್ಲಿ ಕಳೆದ ಹದಿನೈದು ಇಪ್ಪತ್ತು ವರ್ಷಗಳಿಂದ ಒಂದು ಮಾತು ಮತ್ತೆ ಮತ್ತೆ ಕಾಣುತ್ತದೆ: ‘ಇನ್-ಹೌಸ್ ಮೂವ್‌ಮೆಂಟ್’. ವಾಚಿನ ಒಳಗಿನ ಯಂತ್ರವನ್ನು, ನಮ್ಮ ರಿಪೇರಿಯವರು ‘ಮಷಿನ್’ ಎನ್ನುವುದನ್ನು, ಕಂಪನಿ ತಾನೇ ತಯಾರಿಸಿದೆ ಎಂದು ಇದರ ಅರ್ಥ. ಹೊರಗಿನಿಂದ ಕೊಂಡು ತಂದ ಮಷಿನ್ ಇದ್ದರೆ ಅದು ಕಡಿಮೆ ದರ್ಜೆಯ ವಾಚು ಎಂಬ ನಂಬಿಕೆ ಹೀಗೆ ಬೇರೂರಿದೆ. ಕೊಳ್ಳುವ ದಿನಕ್ಕೆ ಈ ಮಾತು ಚೆನ್ನಾಗಿ ಕೇಳಿಸುತ್ತದೆ. ಆರೇಳು ವರ್ಷ ಕಳೆದು ವಾಚು ನಿಧಾನವಾದಾಗ, ಅದನ್ನು ಯಾರ ಬಳಿ ಒಯ್ಯಬೇಕು, ಬಿಡಿಭಾಗ ಎಲ್ಲಿ ಸಿಗುತ್ತದೆ, ಎಷ್ಟು ಖರ್ಚಾಗುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರ ಕೊಡುವುದು ಮಾತ್ರ ಅದೇ ಮಷಿನ್.

ಎಲ್ಲರೂ ಬಳಸುವ ಮಷಿನ್ ಎಂದರೆ ಯಾವುದು?

ಇದಕ್ಕೆ ಒಳ್ಳೆಯ ಉದಾಹರಣೆ ಸ್ವಿಟ್ಜರ್ಲೆಂಡಿನ ಇಟಿಎ ಕಂಪನಿಯ 2824-2. ಅಗಲ 25.6 ಮಿ.ಮೀ., ದಪ್ಪ 4.6 ಮಿ.ಮೀ., ಗಂಟೆಗೆ 28,800 ಬಡಿತ, ಅಂದರೆ ಸೆಕೆಂಡಿಗೆ ಎಂಟು. ಕೈ ಅಲುಗಾಟದಿಂದ ತಾನೇ ಸುತ್ತಿಕೊಳ್ಳುವ ಇದು ಪೂರ್ತಿ ಸುತ್ತಿದರೆ ಸುಮಾರು 38 ಗಂಟೆ ಓಡುತ್ತದೆ. ದಶಕಗಳ ಕಾಲ ಇದೇ ಮಷಿನ್ ಹತ್ತಾರು ಬ್ರ್ಯಾಂಡುಗಳ ವಾಚುಗಳ ಒಳಗೆ ಕುಳಿತಿತ್ತು.

ಇಟಿಎ ಇರುವುದು ಸ್ವಾಚ್ ಗುಂಪಿನ ಕೈಯಲ್ಲಿ. ಪ್ರತಿಸ್ಪರ್ಧಿಗಳಿಗೆಲ್ಲ ತಾವೇ ಮಷಿನ್ ಒದಗಿಸುವುದನ್ನು ನಿಲ್ಲಿಸುತ್ತೇವೆ ಎಂದು ಆ ಗುಂಪು 2002ರಲ್ಲಿ ಘೋಷಿಸಿತು. ಸ್ವಿಸ್ ಸ್ಪರ್ಧಾ ಆಯೋಗ ಮಧ್ಯೆ ಬಂದು, ಪೂರೈಕೆಯನ್ನು ಹಂತ ಹಂತವಾಗಿ ಮಾತ್ರ ಇಳಿಸುವಂತೆ ಮಾಡಿತು. ಇದರಿಂದ ಎರಡು ಬೆಳವಣಿಗೆಗಳಾದವು. ಮೊದಲು ಇಟಿಎಯ ಮಷಿನ್‌ಗಳನ್ನು ಜೋಡಿಸಿಕೊಡುತ್ತಿದ್ದ ಸೆಲ್ಲಿಟಾ ಎಂಬ ಕಂಪನಿ, ಹಕ್ಕುಸ್ವಾಮ್ಯದ ಅವಧಿ ಮುಗಿದಿದ್ದ 2824ರ ವಿನ್ಯಾಸವನ್ನೇ ಹಿಡಿದು ಎಸ್‌ಡಬ್ಲ್ಯೂ200 ಎಂಬ ಮಷಿನ್ ಹೊರತಂದಿತು. ಇತರ ಹಲವು ಬ್ರ್ಯಾಂಡುಗಳು ಸ್ವಂತ ಮಷಿನ್ ಮಾಡಲು ಹೊರಟವು. ‘ಇನ್-ಹೌಸ್’ ಎಂಬ ಹೆಮ್ಮೆಯ ಹಿಂದೆ ಪೂರೈಕೆ ನಿಂತುಹೋಗುವ ಭಯವೂ ಇತ್ತು ಎಂಬುದನ್ನು ಜಾಹೀರಾತುಗಳು ಹೇಳುವುದಿಲ್ಲ.

ಒಂದೇ ವಾಚು, ಎರಡು ಮಷಿನ್

ಹೋಲಿಸಿ ನೋಡಲು ಟ್ಯೂಡರ್ ಕಂಪನಿಯ ಬ್ಲ್ಯಾಕ್ ಬೇ ಸೂಕ್ತ. 2012ರಲ್ಲಿ ಬಂದ ಈ ವಾಚಿನಲ್ಲಿ ಇದ್ದದ್ದು ಇಟಿಎ 2824. 2016ರಲ್ಲಿ ಅದೇ ಹೆಸರಿನ, ನೋಡಲು ಹೆಚ್ಚುಕಡಿಮೆ ಹಾಗೆಯೇ ಇದ್ದ ವಾಚಿಗೆ ಎಂಟಿ5602 ಎಂಬ ಹೊಸ ಮಷಿನ್ ಬಂತು.

ಕಾಗದದ ಮೇಲೆ ಹೊಸದೇ ಮೇಲು. ಒಮ್ಮೆ ಸುತ್ತಿದರೆ ಸುಮಾರು 70 ಗಂಟೆ ಓಡುತ್ತದೆ. ಶುಕ್ರವಾರ ಸಂಜೆ ಬಿಚ್ಚಿಟ್ಟರೆ ಸೋಮವಾರ ಬೆಳಿಗ್ಗೆಯೂ ಓಡುತ್ತಿರುತ್ತದೆ. ಹೇರ್‌ಸ್ಪ್ರಿಂಗ್ ಸಿಲಿಕಾನಿನದು, ಹಾಗಾಗಿ ಅಯಸ್ಕಾಂತದ ಕಾಟ ಕಡಿಮೆ. ಇವು ಬಾಯಿಮಾತಿನ ಲಾಭಗಳಲ್ಲ, ದಿನಬಳಕೆಯಲ್ಲಿ ತಿಳಿಯುವಂಥವು.

ಈಗ ಎರಡೂ ವಾಚುಗಳು ಕೆಟ್ಟವು ಎಂದುಕೊಳ್ಳೋಣ. 2824ರಲ್ಲಿ ಬಹಳ ಸಾಮಾನ್ಯವಾದ ಒಂದು ತೊಂದರೆ ಇದೆ. ಕೀ ತಿರುಗಿಸಿ ಸುತ್ತುವಾಗ, ಒಳಗಿನ ಅರ್ಧಚಂದ್ರಾಕಾರದ ತೂಕ, ಅಂದರೆ ರೋಟರ್, ತಾನೂ ಗಿರಗಿರ ತಿರುಗತೊಡಗುತ್ತದೆ. ಕಿವಿಗೆ ಹಿಡಿದರೆ ಸದ್ದು ಕೇಳುತ್ತದೆ, ಕೈಗೂ ತಿಳಿಯುತ್ತದೆ. ರೋಟರ್ ಯಾವ ಕಡೆಗೆ ತಿರುಗಿದರೂ ಸ್ಪ್ರಿಂಗನ್ನು ಒಂದೇ ಕಡೆಗೆ ಸುತ್ತಿಸುವ ಎರಡು ಪುಟ್ಟ ಚಕ್ರಗಳು ಕೊಳೆ ಹಿಡಿದು ಅಂಟಿಕೊಂಡಿರುವುದೇ ಸಾಮಾನ್ಯವಾಗಿ ಇದಕ್ಕೆ ಕಾರಣ. ಅವು ಬಿಡಬೇಕಾದಾಗ ಬಿಡದಿದ್ದರೆ ಕೀಯ ಬಲ ರೋಟರ್‌ಗೂ ಹೋಗುತ್ತದೆ.

ಅನುಭವವಿರುವ ಯಾವ ರಿಪೇರಿಯವರಿಗೂ ಇದು ಹೊಸದಲ್ಲ. ಹಿಂಬದಿ ಮುಚ್ಚಳ ತೆಗೆದು, ತಾನೇ ಸುತ್ತುವ ಭಾಗವನ್ನು ಇಡಿಯಾಗಿ ಬಿಚ್ಚಿ, ಚಕ್ರಗಳನ್ನು ತೊಳೆದು, ಅವಕ್ಕೆಂದೇ ಇರುವ ತೆಳು ಎಣ್ಣೆಯ ದ್ರಾವಣದಲ್ಲಿ ಅದ್ದಿ ಒಣಗಿಸುತ್ತಾರೆ. ಹಲ್ಲು ಸವೆದಿದ್ದರೆ ಹೊಸ ಚಕ್ರ ತರಿಸುತ್ತಾರೆ. ಇಲ್ಲಿಯೇ ಸಾಮಾನ್ಯ ಮಷಿನ್‌ನ ಬಲ ಕಾಣುವುದು. ಸ್ವಿಸ್ ಬಿಡಿಭಾಗಗಳಿಗೆ ಹಳೆಯದೊಂದು ಸಂಖ್ಯಾಪದ್ಧತಿ ಇದೆ: 401 ಎಂದರೆ ಕೀಯ ಕಡ್ಡಿ, 705 ಎಸ್ಕೇಪ್ ಚಕ್ರ, 723 ಬ್ಯಾಲೆನ್ಸಿನ ಅಚ್ಚು, 770 ಮೇನ್ ಸ್ಪ್ರಿಂಗ್. ‘2824ರ 401’ ಎಂದರೆ ಸಾಕು, ಜಗತ್ತಿನ ಯಾವ ಬಿಡಿಭಾಗದ ಅಂಗಡಿಗೂ ಏನು ಬೇಕೆಂದು ಅರ್ಥವಾಗುತ್ತದೆ. ಇಟಿಎಯ ಭಾಗ ಸಿಗದಿದ್ದರೆ ಸೆಲ್ಲಿಟಾದ ಭಾಗಗಳಲ್ಲಿ ಬಹುಪಾಲು ಹೊಂದುತ್ತವೆ. ಯಾವ ಭಾಗವೂ ಸಿಗದೆ ಹೋದರೂ ಕೊನೆಯ ದಾರಿ ಇದೆ: ಅದೇ ಅಳತೆಯ ಇಡೀ ಮಷಿನ್ ತಂದು ಕೂರಿಸಬಹುದು.

ಎಂಟಿ5602ರಲ್ಲಿ ಈ ದಾರಿಗಳು ಹೆಚ್ಚುಕಡಿಮೆ ಮುಚ್ಚಿವೆ. ಅದರ ಅಗಲ 31.8 ಮಿ.ಮೀ., ದಪ್ಪ 6.5 ಮಿ.ಮೀ.; ಆ ಜಾಗಕ್ಕೆ ಮಾರುಕಟ್ಟೆಯ ಬೇರೆ ಮಷಿನ್ ನೇರವಾಗಿ ಕೂರುವುದಿಲ್ಲ. ಬಿಡಿಭಾಗಗಳು ಬೀದಿಯ ಅಂಗಡಿಗೆ ಸುಲಭವಾಗಿ ಸಿಗುವಂಥವಲ್ಲ. ಹಾಗಾಗಿ ವಾಚು ಕಂಪನಿಯ ಸರ್ವಿಸ್ ಕೇಂದ್ರಕ್ಕೇ ಹೋಗಬೇಕು. ಅಲ್ಲಿ ‘ಆ ಎರಡು ಚಕ್ರ ಮಾತ್ರ ನೋಡಿ’ ಎಂದರೆ ಸಾಮಾನ್ಯವಾಗಿ ನಡೆಯುವುದಿಲ್ಲ. ಪೂರ್ತಿ ಬಿಚ್ಚುವುದು, ತೊಳೆಯುವುದು, ಎಣ್ಣೆ ಹಾಕುವುದು, ನೀರು ಹೋಗದಂತೆ ತಡೆಯುವ ರಬ್ಬರ್ ಬದಲಿಸುವುದು, ಪರೀಕ್ಷಿಸುವುದು ಎಲ್ಲ ಸೇರಿದ ಒಂದೇ ನಿಗದಿತ ದರ ಇರುತ್ತದೆ. ಕೆಲಸ ಅಚ್ಚುಕಟ್ಟಾಗಿ ಆಗುತ್ತದೆ, ಗ್ಯಾರಂಟಿಯೂ ಸಿಗುತ್ತದೆ. ಆದರೆ ದರ ಹೊಂದುತ್ತದೆಯೇ ಎಂದು ಇನ್ನೊಂದು ಅಂಗಡಿಯಲ್ಲಿ ಕೇಳಿ ನೋಡುವ ಅವಕಾಶವಿಲ್ಲ.

ಖರ್ಚು ಹೆಚ್ಚುವುದು ಏಕೆ?

ಸ್ವಂತ ಮಷಿನ್ ಜಟಿಲವಾಗಿರುತ್ತದೆ, ಅದಕ್ಕೇ ಖರ್ಚು ಹೆಚ್ಚು ಎಂದು ಹಲವರು ತಿಳಿದಿದ್ದಾರೆ. ಮೂರು ಮುಳ್ಳು, ಒಂದು ತಾರೀಖು ಇರುವ ಮಷಿನ್ ಯಾರು ಮಾಡಿದರೂ ಬಿಚ್ಚಿ ಜೋಡಿಸಲು ಬೇಕಾದ ಕೈಕೆಲಸ ತೀರಾ ಬೇರೆಯಾಗುವುದಿಲ್ಲ. ವ್ಯತ್ಯಾಸ ಬರುವುದು ಬಿಡಿಭಾಗ ಯಾರ ಕೈಯಲ್ಲಿದೆ ಎಂಬುದರಿಂದ. ಭಾಗ ಒಬ್ಬರ ಬಳಿ ಮಾತ್ರ ಇದ್ದರೆ ಬೆಲೆಯೂ ಅವರದೇ, ಕಾಯುವ ದಿನಗಳೂ ಅವರ ಲೆಕ್ಕದವೇ.

ಯುರೋಪಿನ ವಾಚ್ ರಿಪೇರಿಯವರ ಸಂಘಗಳ ಒಕ್ಕೂಟ ಇದನ್ನೇ ಮುಂದಿಟ್ಟು 2004ರಲ್ಲಿ ಯುರೋಪಿಯನ್ ಕಮಿಷನ್‌ಗೆ ದೂರು ಕೊಟ್ಟಿತು. ಕಂಪನಿಗಳು ಸ್ವತಂತ್ರ ರಿಪೇರಿಯವರಿಗೆ ಬಿಡಿಭಾಗ ಕೊಡುತ್ತಿಲ್ಲ ಎಂಬುದು ಆರೋಪ. ಕಮಿಷನ್ 2008ರಲ್ಲಿ ದೂರನ್ನು ತಳ್ಳಿಹಾಕಿತು. ಆ ತೀರ್ಮಾನವನ್ನು ನ್ಯಾಯಾಲಯ 2010ರಲ್ಲಿ ರದ್ದು ಮಾಡಿತು. ಕಮಿಷನ್ ಮತ್ತೆ ತನಿಖೆ ನಡೆಸಿ 2014ರಲ್ಲಿ ಮತ್ತೊಮ್ಮೆ ತಳ್ಳಿಹಾಕಿತು. 2017ರಲ್ಲಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಹದಿಮೂರು ವರ್ಷಗಳ ಹೋರಾಟ ರಿಪೇರಿಯವರ ಪರವಾಗಿ ಮುಗಿಯಲಿಲ್ಲ.

ನಮ್ಮ ಎಚ್‌ಎಂಟಿ ಹೇಳುವ ಪಾಠ

ಹಾಗಾದರೆ ಸ್ವಂತ ಮಷಿನ್ ಎಂದರೆ ಯಾವಾಗಲೂ ದುಬಾರಿ ರಿಪೇರಿಯೇ? ಇಲ್ಲ ಎನ್ನಲು ಬೆಂಗಳೂರಿನ ಎಚ್‌ಎಂಟಿಯೇ ಸಾಕ್ಷಿ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಇಲ್ಲಿ ವಾಚು ತಯಾರಿಕೆ ಶುರುವಾಯಿತು. ‘ಜನತಾ’ದಂಥ ಕೀ ಕೊಡುವ ವಾಚುಗಳ ಮಷಿನ್ ಎಚ್‌ಎಂಟಿಯ ಕಾರ್ಖಾನೆಗಳಲ್ಲೇ ತಯಾರಾಗುತ್ತಿತ್ತು. ಇಂದಿನ ಜಾಹೀರಾತಿನ ಭಾಷೆಯಲ್ಲಿ ಹೇಳುವುದಾದರೆ ಅದೂ ‘ಇನ್-ಹೌಸ್’.

ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ 2016ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ಆದರೂ ಹಳೆಯ ಜನತಾ ಇಂದಿಗೂ ಕಡಿಮೆ ಖರ್ಚಿನಲ್ಲಿ ರಿಪೇರಿಯಾಗುತ್ತದೆ. ಒಂದೇ ಬಗೆಯ ಮಷಿನ್ ಅಪಾರ ಸಂಖ್ಯೆಯಲ್ಲಿ ತಯಾರಾಗಿ ಊರೂರಿಗೆ ಹೋಯಿತು. ಊರಿನ ರಿಪೇರಿಯವರು ಅದನ್ನು ಬಿಚ್ಚಿಯೇ ಕೆಲಸ ಕಲಿತರು. ಅಂಗಡಿಗಳಲ್ಲಿ ಹಳೆಯ ಭಾಗಗಳು ಉಳಿದಿವೆ; ಕೆಟ್ಟ ಒಂದು ವಾಚಿನ ಭಾಗ ಇನ್ನೊಂದನ್ನು ಓಡಿಸುತ್ತದೆ. ಇದಕ್ಕೂ ಮಿತಿ ಇದೆ: ಹೊಸ ಭಾಗ ತಯಾರಾಗುತ್ತಿಲ್ಲ, ಇರುವ ದಾಸ್ತಾನು ಕರಗುತ್ತಲೇ ಇದೆ. ಎಷ್ಟು ಮಷಿನ್‌ಗಳಿವೆ, ಭಾಗಗಳು ಎಷ್ಟು ಕೈಗಳಲ್ಲಿವೆ ಎಂಬುದೇ ಇಲ್ಲಿ ಮುಖ್ಯ. ಯಾರು ಮಾಡಿದರು ಎಂಬುದು ಆಮೇಲಿನ ಮಾತು.

ಇನ್ನೊಂದು ಬದಿಯ ಎಚ್ಚರ

ಸಾಮಾನ್ಯ ಮಷಿನ್ ಇದ್ದರೆ ಚಿಂತೆಯಿಲ್ಲ ಎಂಬುದೂ ಪೂರ್ತಿ ನಿಜವಲ್ಲ. 2824ರಿಂದಲೇ ಹುಟ್ಟಿದ ‘ಪವರ್‌ಮ್ಯಾಟಿಕ್ 80’ ಸ್ವಾಚ್ ಗುಂಪಿನ ಹಲವು ವಾಚುಗಳಲ್ಲಿದೆ. 80 ಗಂಟೆ ಓಡುತ್ತದೆ. ಆದರೆ ವೇಗ ಹೊಂದಿಸಲು ರಿಪೇರಿಯವರು ಸರಿಸುತ್ತಿದ್ದ ಸಣ್ಣ ಸನ್ನೆ ಅದರಲ್ಲಿಲ್ಲ. ಅದನ್ನು ಕಾರ್ಖಾನೆಯಲ್ಲೇ ಹೊಂದಿಸಿರುತ್ತಾರೆ. ಕೆಲವು ಮಾದರಿಗಳಲ್ಲಿ ಎಸ್ಕೇಪ್ ಚಕ್ರವೇ ಪ್ಲಾಸ್ಟಿಕ್‌ನಂಥ ವಸ್ತುವಿನದು. ಇಂಥ ಕಡೆ ಬಿಚ್ಚಿ ಸರಿಮಾಡುವುದಕ್ಕಿಂತ ಇಡೀ ಮಷಿನ್ ಬದಲಿಸುವುದೇ ಹೆಚ್ಚು. ಸೈಕೋದ ಎನ್‌ಎಚ್35ರಂಥ ಅಗ್ಗದ ಮಷಿನ್‌ಗಳಲ್ಲೂ ಅಷ್ಟೇ: ಪೂರ್ತಿ ಸರ್ವಿಸ್‌ನ ಕೂಲಿಗಿಂತ ಹೊಸ ಮಷಿನ್ ಅಗ್ಗವಾಗಬಹುದು.

‘ಇನ್-ಹೌಸ್’ ಎಂಬ ಪದವೂ ಅಷ್ಟು ಗಟ್ಟಿಯಲ್ಲ. ಟ್ಯೂಡರ್‌ನ ಮಷಿನ್ ಮಾಡುವ ಕೆನಿಸ್ಸಿ ಎಂಬ ಕಂಪನಿ ಶನೆಲ್, ನಾರ್ಕೇನ್‌ನಂಥ ಬ್ರ್ಯಾಂಡುಗಳಿಗೂ ಮಷಿನ್ ಕೊಡುತ್ತದೆ. ಇನ್ನೊಂದು ಕಡೆ, ಸೆಲ್ಲಿಟಾದ ಮಷಿನ್‌ಗೇ ತಮ್ಮ ಸ್ವಂತ ಸಂಖ್ಯೆ ಕೊಡುವ ಬ್ರ್ಯಾಂಡುಗಳೂ ಇವೆ: ಓರಿಸ್‌ನ 733 ಅಂಥದ್ದು.

ಕೊಳ್ಳುವ ಮುನ್ನ

ಅಂಗಡಿಯವರನ್ನು ‘ಇನ್-ಹೌಸಾ?’ ಎಂದು ಕೇಳುವ ಬದಲು ಮಷಿನ್‌ನ ಸಂಖ್ಯೆ ಕೇಳಿ, ಅದರ ಮೂಲ ಯಾವುದೆಂದು ತಿಳಿದುಕೊಳ್ಳಿ. ಹಿಂಬದಿ ತೆಗೆದ ವಾಚಾದರೆ, ಇಟಿಎ ಮತ್ತು ಸೆಲ್ಲಿಟಾ ಮಷಿನ್‌ಗಳಲ್ಲಿ ಬ್ಯಾಲೆನ್ಸ್ ಚಕ್ರದ ಕೆಳಗಿನ ತಗಡಿನ ಮೇಲೆ ಸಂಖ್ಯೆ ಕೊರೆದಿರುತ್ತದೆ. ಪೂರ್ತಿ ಸರ್ವಿಸ್‌ಗೆ ಇಂದಿನ ದರ ಎಷ್ಟು, ವಾಚು ಎಲ್ಲಿಗೆ ಹೋಗುತ್ತದೆ, ಎಷ್ಟು ವಾರ ಬೇಕು ಎಂಬುದನ್ನು ಕೊಳ್ಳುವ ಮುನ್ನವೇ ಬರೆಸಿಕೊಳ್ಳಿ. ಕೊನೆಗೆ, ನೀವು ನಂಬುವ ರಿಪೇರಿಯವರಿಗೆ ಆ ಸಂಖ್ಯೆ ತೋರಿಸಿ, ‘ಇದಕ್ಕೆ ಭಾಗ ಸಿಗುತ್ತದೆಯೇ?’ ಎಂದು ಕೇಳಿ. ಸಿಗುವುದಿಲ್ಲ ಎಂದರೆ ಆ ವಾಚು ಬೇಡವೆಂದಲ್ಲ. ಅದರ ಬೆಲೆಗೆ ಮುಂದಿನ ಸರ್ವಿಸ್‌ಗಳ ಖರ್ಚನ್ನೂ ಕೂಡಿಸಿ ಲೆಕ್ಕ ಹಾಕಬೇಕು ಅಷ್ಟೆ.