ಸಿಹಿಗೆಣಸನ್ನು ಆಲೂಗಡ್ಡೆಯಂತೆ ತುಂಡು ಮಾಡಿ ನೆಡಬಹುದೇ?

‘ಸಿಹಿಗೆಣಸನ್ನು ತುಂಡು ಮಾಡಿ ಮಣ್ಣಲ್ಲಿ ಹೂತರೆ ಸಾಕು’ ಎಂಬ ಸಲಹೆ ನಿಮಗೂ ವಾಟ್ಸಾಪ್‌ನಲ್ಲಿ ಬಂದಿರಬಹುದು. ಇದು ಅರ್ಧಸತ್ಯ. ಆಲೂಗಡ್ಡೆ ಕಾಂಡದ ಭಾಗ, ಅದರ ಕಣ್ಣುಗಳಿಂದ ಮೊಳಕೆ ಬರುತ್ತದೆ. ಗೆಣಸು ಬೇರು. ಅದು ಹೆಚ್ಚಾಗಿ ಬಳ್ಳಿಗೆ ಅಂಟಿಕೊಂಡಿದ್ದ ತುದಿಯಲ್ಲೇ ಚಿಗುರುತ್ತದೆ. ತುಂಡುಗಳು ಸುಲಭವಾಗಿ ಕೊಳೆಯುತ್ತವೆ. ಹಾಗಾಗಿ ನೆಡಬೇಕಾದದ್ದು ಗೆಣಸನ್ನಲ್ಲ, ಅದರ ಕುಡಿಯನ್ನು.

ಮಾಗಡಿ ತಾಲ್ಲೂಕಿನ ಸಾವನದುರ್ಗದ ತಪ್ಪಲಲ್ಲಿ ಒಂದು ಮನೆ, ಅದರ ಹಿತ್ತಿಲಲ್ಲಿ 4 ಅಡಿ ಅಗಲ, 6 ಅಡಿ ಉದ್ದದ ಜಾಗವಿದೆ ಎಂದುಕೊಳ್ಳೋಣ. ಸಂಕ್ರಾಂತಿಗೆ ಗೆಣಸು ಬೇಕು. ಬೆಳೆಗೆ ಸುಮಾರು 4 ತಿಂಗಳು ಬೇಕಾದ್ದರಿಂದ ಸೆಪ್ಟೆಂಬರ್ ಮಧ್ಯದಲ್ಲಿ ಕುಡಿ ನೆಡಬೇಕು. ಅದಕ್ಕಾಗಿ ಆಗಸ್ಟ್ ಆರಂಭದಲ್ಲೇ ಎರಡು ಗೆಣಸುಗಳನ್ನು ಒದ್ದೆ ಮರಳಲ್ಲಿ ಅಡ್ಡವಾಗಿ, ಅರ್ಧ ಮುಚ್ಚುವಂತೆ ಇಡಬೇಕು. ಮರಳು ತೇವವಾಗಿದ್ದರೆ ಸಾಕು, ನೀರು ನಿಲ್ಲಬಾರದು. ಗೆಣಸು ಮೆತ್ತಗಾಗಿ ವಾಸನೆ ಬಂದರೆ ಕೊಳೆತಿದೆ ಎಂದರ್ಥ. ಅದನ್ನು ತೆಗೆದುಬಿಡಿ.

ಚಿಗುರು ಒಂದು ಗೇಣು ಬೆಳೆದಾಗ ಕತ್ತರಿಸಿ. ಮಣ್ಣನ್ನು ಸಡಿಲ ಮಾಡಿ, 2 ಅಡಿ ಅಂತರದಲ್ಲಿ ಎರಡು ದಿಂಡು ಏರಿಸಿ, ಅಡಿಗೊಂದರಂತೆ 12 ಕುಡಿ ನೆಡಿ. ಎರಡು ಮೂರು ಗಿಣ್ಣು ಮಣ್ಣೊಳಗಿರಲಿ. ಗೆಣಸು ಕಟ್ಟುವುದು ಅಲ್ಲಿ ಹೊರಡುವ ಬೇರುಗಳಲ್ಲೇ.

ಜಾಗ ಕಡಿಮೆಯಿದ್ದರೆ ಬಳ್ಳಿಯನ್ನು ಕೋಲಿಗೆ ಹಬ್ಬಿಸಬಹುದು. ಆದರೆ ಅದು ತಾನಾಗಿ ಸುತ್ತಿಕೊಳ್ಳದಿದ್ದರೆ ಬಾಳೆನಾರಿನಿಂದ ಸಡಿಲವಾಗಿ ಕಟ್ಟಬೇಕು. ಎಲೆ ಸೊಂಪಾಗಿದ್ದೂ ಗೆಣಸು ಸಣ್ಣದಾದರೆ, ಯೂರಿಯಾ ಅಥವಾ ಸಗಣಿ ಗೊಬ್ಬರ ಹೆಚ್ಚಾಗಿದೆಯೇ, ಬಿಸಿಲು ಸಾಲದೇ ಎಂದು ನೋಡಿ.