ಆರತಿಗೆ ಮೊದಲೇ ಪುಸ್ತಕ ಬರಲಿ

ನಮ್ಮ ಕಡೆ ಹುಡುಗಿ ದೊಡ್ಡವಳಾದರೆ ಚಿಗಳಿ ಕುಟ್ಟುತ್ತಾರೆ, ಆರತಿ ಎತ್ತುತ್ತಾರೆ. ಮೈಯಲ್ಲಿ ಏನಾಯಿತು ಎಂದು ಅವಳಿಗೆ ಬಿಡಿಸಿ ಹೇಳುವವರು ಮಾತ್ರ ಕಡಿಮೆ. ಈಗೀಗ ಕೆಲವು ತಾಯಂದಿರು ಪುಸ್ತಕ ತರಿಸುತ್ತಿದ್ದಾರೆ. ಒಳ್ಳೆಯದೇ. ಆದರೆ ತರಿಸುವುದು ಮುಟ್ಟಾದ ಮೇಲೆ. ಅಷ್ಟು ಹೊತ್ತಿಗೆ ಪುಸ್ತಕದ ಅರ್ಧ ಕೆಲಸ ಕೈತಪ್ಪಿರುತ್ತದೆ ಅನ್ನುವುದು ನನ್ನ ತಕರಾರು.

ಐದನೇ ಕ್ಲಾಸಿನ, 10 ವರ್ಷದ ಹುಡುಗಿ ಅಂದುಕೊಳ್ಳಿ. ಒಂದು ಮೊಲೆತೊಟ್ಟಿನ ಕೆಳಗೆ ಸಣ್ಣ ಗಟ್ಟಿ ಗಂಟು. ಬಟ್ಟೆ ತಾಗಿದರೂ ನೋವು. ಇನ್ನೊಂದು ಕಡೆ ಏನೂ ಇಲ್ಲ. ತಾಯಿಗೆ ಗಡ್ಡೆಯೇನೋ ಎಂಬ ಭಯ, ಮಗಳಿಗೆ ಹೇಳಲು ನಾಚಿಕೆ. ಇದು ಕಾಯಿಲೆಯಲ್ಲ, ಎದೆ ಬೆಳೆಯುವುದು ಹೀಗೇ ಶುರುವಾಗುತ್ತದೆ. ಒಂದು ಕಡೆ ಮೊದಲು ಬಂದು, ಇನ್ನೊಂದು ಕಡೆ ಕೆಲವು ತಿಂಗಳು ತಡವಾಗುವುದೂ ಸಹಜ. ಮೊದಲ ಮುಟ್ಟು ಬರುವುದು ಸಾಮಾನ್ಯವಾಗಿ ಇಲ್ಲಿಂದ ಎರಡು, ಎರಡೂವರೆ ವರ್ಷಕ್ಕೆ. ಅಂದರೆ ಈ ಗಂಟೇ ನಿಮಗೆ ಸಿಗುವ ನೋಟಿಸು. ಪುಸ್ತಕ ಮನೆಗೆ ಬರಬೇಕಾದದ್ದು ಆಗ.

ಕೊಳ್ಳುವ ಮುಂಚೆ ಈ ಮಾತು ಅದರಲ್ಲಿದೆಯೇ ನೋಡಿ. ಮೊದಲ ಎರಡು ವರ್ಷ ಮುಟ್ಟು ತಿಂಗಳು ತಪ್ಪುವುದು ಸಾಮಾನ್ಯ ಎಂದು ಹೇಳಿದೆಯೇ ಅದನ್ನೂ ನೋಡಿ. ಹೂವು, ಚಿಟ್ಟೆ ತೋರಿಸಿ ಅಂಗಗಳ ಹೆಸರು ನುಂಗುವ ಪುಸ್ತಕ ಬೇಡ.

ಕನ್ನಡದಲ್ಲೂ ಸಿಗುವ ಒಂದು ಪುಸ್ತಕ ಮೆನ್‌ಸ್ಟ್ರುಪೀಡಿಯಾ ಕಾಮಿಕ್. ಅದಿತಿ ಗುಪ್ತಾ ಮತ್ತು ತುಹಿನ್ ಪಾಲ್ ಮಾಡಿದ್ದು. ಡಾಕ್ಟರ್ ಅಕ್ಕ ಒಬ್ಬಳು ಹುಡುಗಿಯರ ಜೊತೆ ಕೂತು ಮಾತಾಡುತ್ತಾಳೆ. ಚಿತ್ರಗಳಿರುವುದರಿಂದ ಓದು ಅಷ್ಟಾಗಿ ಬಾರದ ತಾಯಿಯೂ ಮಗಳ ಜೊತೆ ಪುಟ ತಿರುವಬಹುದು. ಮೊದಲು ನೀವೊಮ್ಮೆ ನೋಡಿಬಿಡಿ. ಆಮೇಲೆ ಒಂದು ಸಲಕ್ಕೆ ಎರಡು ಮೂರು ಪುಟ ಸಾಕು. ಓದಿದ ಮೇಲೆ ಬೀರುವಿನೊಳಗಿಟ್ಟು ಬೀಗ ಹಾಕಬೇಡಿ. ಅವಳು ಒಬ್ಬಳೇ ಮತ್ತೆ ತೆಗೆದು ನೋಡುತ್ತಾಳೆ, ನೋಡಲಿ.

ಹುಡುಗರ ಕಥೆ ಇನ್ನೂ ಕಷ್ಟ. ಅವರಿಗೆ ಮನೆಯಲ್ಲಿ ಆರತಿಯೂ ಇಲ್ಲ, ಮಾತೂ ಇಲ್ಲ. ನಿದ್ದೆಯಲ್ಲಿ ವೀರ್ಯ ಹೋದರೆ ಬೆಳಗ್ಗೆ ಚಡ್ಡಿ ಬಚ್ಚಿಡುತ್ತಾರೆ. ಅವರ ಪಾಠಪುಸ್ತಕ ಬಸ್‌ಸ್ಟ್ಯಾಂಡ್ ಗೋಡೆಯ ಗುಪ್ತರೋಗದ ಜಾಹೀರಾತು. ಶಕ್ತಿ ಸೋರಿಹೋಗುತ್ತದೆ ಎಂದು ಹೆದರಿಸಿ ಔಷಧಿ ಮಾರುವವರು ಬದುಕುವುದೇ ಈ ಭಯದ ಮೇಲೆ. ವೀರ್ಯ ಹೋದರೆ ಯಾವ ಶಕ್ತಿಯೂ ಹೋಗುವುದಿಲ್ಲ. ಈ ವಯಸ್ಸಲ್ಲಿ ಎಷ್ಟೋ ಹುಡುಗರಿಗೂ ಎದೆ ಸ್ವಲ್ಪ ಊದುತ್ತದೆ, ಬಹುಪಾಲು ವರ್ಷ ಎರಡು ವರ್ಷದಲ್ಲಿ ಇಳಿಯುತ್ತದೆ. ಇದನ್ನು ಅಪ್ಪನೋ ಸೋದರಮಾವನೋ ಹೇಳಲಿ. ಅದೇ ಮೆನ್‌ಸ್ಟ್ರುಪೀಡಿಯಾದವರು ಹುಡುಗರಿಗಾಗಿ 'ಗುಲು' ಎಂಬ ಪುಸ್ತಕವನ್ನೂ ತಂದಿದ್ದಾರೆ. ಅಕ್ಕನ ಪುಸ್ತಕವನ್ನು ತಮ್ಮನೂ ಓದಿದರೆ ತಪ್ಪೇನಿಲ್ಲ.

ಪುಸ್ತಕ ಸಾಲದ ಕಡೆಯೂ ಇದೆ. ಹುಡುಗಿಗೆ 8 ತುಂಬುವ ಮೊದಲೇ ಎದೆ ಬೆಳೆಯತೊಡಗಿದರೆ, 13 ದಾಟಿದರೂ ಬೆಳೆಯದಿದ್ದರೆ, 15 ಆದರೂ ಮುಟ್ಟಾಗದಿದ್ದರೆ ಡಾಕ್ಟರಿಗೆ ತೋರಿಸಿ. ಹುಡುಗನಿಗೆ 9ರ ಒಳಗೇ ಬದಲಾವಣೆ ಶುರುವಾದರೂ, 14 ಆದರೂ ಶುರುವಾಗದಿದ್ದರೂ ಅಷ್ಟೇ.